ಬದಲಾವಣೆಯಿಂದ ಯಾರಿಗೆ ಏನು ನಷ್ಟ? ಎಂಬಿಎ ಅಸೈನ್‌ಮೆಂಟ್ ಇಲ್ಲಿಂದ ಶುರು ಮಾಡಿ

ಬದಲಾವಣೆಗೆ ನೌಕರರಿಂದ ಬರುವ ವಿರೋಧದ ಬಗ್ಗೆ ಬರೆಯುವಾಗ ‘ನೌಕರರಿಗೆ ಬದಲಾವಣೆ ಅಂದರೆ ಭಯ’ ಎಂದು ಬರೆದು ಮುಂದಿನ ಪ್ಯಾರಾಕ್ಕೆ ಹೋಗಿಬಿಡುವ ಅಸೈನ್‌ಮೆಂಟ್‌ಗಳೇ ಜಾಸ್ತಿ. ಯಾರಿಗೆ ಭಯ, ಯಾತರ ಭಯ ಅಂತ ಕೇಳಿದರೆ ಅದರಲ್ಲಿ ಉತ್ತರ ಸಿಗುವುದಿಲ್ಲ. ಹಾಗಾಗಿ ಮಾಡೆಲ್‌ನಿಂದ ಶುರು ಮಾಡಬೇಡಿ. ಒಂದು ಸಣ್ಣ ಬದಲಾವಣೆಯನ್ನು ಆರಿಸಿಕೊಳ್ಳಿ.

ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿ ಅಂದುಕೊಳ್ಳಿ. ಗಂಟೆಗೊಮ್ಮೆ ಲೈನ್ ಸೂಪರ್‌ವೈಸರ್ ಬಂದು ಯಾವ ಟೈಲರ್ ಎಷ್ಟು ಪೀಸ್ ಹೊಲಿದರು ಎಂದು ರಿಜಿಸ್ಟರ್‌ನಲ್ಲಿ ಬರೆಯುತ್ತಾರೆ. ಇನ್ನು ಮೇಲೆ ಪ್ರತಿ ಮೆಷಿನ್‌ಗೂ ಒಂದು ಟ್ಯಾಬ್, ಪೀಸ್‌ಗಳ ಒಂದು ಕಂತೆ ಅಂದರೆ ಬಂಡಲ್ ಮುಗಿದ ತಕ್ಷಣ ಟೈಲರ್ ಸ್ಕ್ಯಾನ್ ಮಾಡಬೇಕು ಎಂದು ಮ್ಯಾನೇಜ್‌ಮೆಂಟ್ ತೀರ್ಮಾನಿಸುತ್ತದೆ.

ಮೊದಲ ಕೆಲಸ, ಯಾರು ಏನು ಕಳೆದುಕೊಳ್ಳುತ್ತಾರೆ ಎಂದು ಬರೆಯುವುದು. ಟಾಯ್ಲೆಟ್‌ಗೆ ಹೋಗಿ ಬಂದರೂ, ಹಿಂದಿನ ಮೆಷಿನ್‌ನಿಂದ ಬಂಡಲ್ ಬರುವುದು ತಡವಾದರೂ ಟ್ಯಾಬ್ ತೋರಿಸುವುದು ಕಡಿಮೆ ಪೀಸ್ ಅಂತ ಮಾತ್ರ. ರಿಜಿಸ್ಟರ್ ಇದ್ದಾಗ ‘ಮುಂದಿನ ಗಂಟೆ ಸರಿ ಮಾಡ್ಕೋ’ ಎಂದು ಸೂಪರ್‌ವೈಸರ್ ಹೊಂದಿಸಿಕೊಡುತ್ತಿದ್ದರು. ಇವತ್ತು ಜಾಸ್ತಿ ಹೊಲಿದರೆ ನಾಳೆ ಟಾರ್ಗೆಟ್ಟೇ ಏರುತ್ತದೆ ಎಂಬುದು ಟೈಲರ್ ಲೆಕ್ಕ. ಸೂಪರ್‌ವೈಸರ್‌ಗೋ, ಹಾಗೆ ಹೊಂದಿಸಿಕೊಡುವ ಅಧಿಕಾರವೇ ಕೈತಪ್ಪುತ್ತದೆ.

ಈಗ ಇದಕ್ಕೆ ಥಿಯರಿ ಸೇರಿಸಿ. 1979ರಲ್ಲಿ ಜಾನ್ ಕಾಟರ್ ಮತ್ತು ಲಿಯೊನಾರ್ಡ್ ಶ್ಲೆಸಿಂಜರ್ ವಿರೋಧಕ್ಕೆ ನಾಲ್ಕು ಕಾರಣ ಕೊಟ್ಟರು: ಸ್ವಂತ ನಷ್ಟ, ತಪ್ಪು ತಿಳಿವಳಿಕೆ ಮತ್ತು ಅಪನಂಬಿಕೆ, ಲಾಭನಷ್ಟವನ್ನು ಬೇರೆ ರೀತಿ ಅಳೆಯುವುದು, ಬದಲಾವಣೆಯನ್ನು ತಾಳಿಕೊಳ್ಳುವ ಶಕ್ತಿ ಕಡಿಮೆ ಇರುವುದು. ನಮ್ಮ ಟೈಲರ್‌ಗೆ ಟ್ಯಾಬ್ ಅರ್ಥವಾಗಿಲ್ಲ ಅಂತೇನಿಲ್ಲ, ಚೆನ್ನಾಗಿಯೇ ಅರ್ಥವಾಗಿದೆ, ವಿರೋಧ ಬರುವುದು ಸ್ವಂತ ನಷ್ಟದಿಂದ. ಹಾಗಿರುವಾಗ ‘ಟ್ರೇನಿಂಗ್ ಕೊಡಬೇಕು’ ಎಂಬ ಪರಿಹಾರ ಬರೆದರೆ ರೋಗ ಒಂದು, ಮದ್ದು ಇನ್ನೊಂದು.

ಇನ್ನು ಬದಲಾವಣೆಯ ಹಂತಗಳಿಗೆ ಬನ್ನಿ. ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1947ರಲ್ಲಿ ಹೇಳಿದ್ದು ಮೂರು: ಅನ್‌ಫ್ರೀಜ್, ಮೂವ್, ರೀಫ್ರೀಜ್. ಅಂದರೆ ಹಳೆಯ ರೂಢಿಯನ್ನು ಸಡಿಲಿಸುವುದು, ಹೊಸದಕ್ಕೆ ಸಾಗುವುದು, ಅದನ್ನು ನೆಲೆ ನಿಲ್ಲಿಸುವುದು.

ಮೊದಲ ಹಂತಕ್ಕೆ ಅವರದೇ ಫೋರ್ಸ್ ಫೀಲ್ಡ್ ಚಿತ್ರ ಬರೆಯಿರಿ. ಎಡಕ್ಕೆ ಬದಲಾವಣೆಯನ್ನು ತಳ್ಳುವ ಒತ್ತಡಗಳು, ಬಲಕ್ಕೆ ತಡೆಯುವ ಒತ್ತಡಗಳು. ತಳ್ಳುವ ಬಲವನ್ನೇ ಹೆಚ್ಚಿಸುತ್ತಾ ಹೋದರೆ ಒಳಗಿನ ಬಿಗುವೂ ಹೆಚ್ಚುತ್ತದೆ, ತಡೆಯನ್ನು ಕಡಿಮೆ ಮಾಡಿದರೆ ಹೆಚ್ಚು ಬಿಗುವಿಲ್ಲದೆ ಸಾಗಬಹುದು. ಲೆವಿನ್ ಅವರ ಮುಖ್ಯ ಮಾತು ಇದೇ, ಬಹಳಷ್ಟು ವಿದ್ಯಾರ್ಥಿಗಳು ಬಿಟ್ಟುಬಿಡುವುದೂ ಇದನ್ನೇ. ಇಲ್ಲಿ ತಡೆ ತೆಗೆಯುವುದು ಅಂದರೆ ಟಾಯ್ಲೆಟ್ ಸಮಯವನ್ನು, ಬಂಡಲ್ ಬರದೆ ಕಾದ ಸಮಯವನ್ನು ಲೆಕ್ಕದಿಂದ ಹೊರಗಿಡುವುದು. ಇಷ್ಟು ತಿಂಗಳು ಟಾರ್ಗೆಟ್ ಏರಿಸುವುದಿಲ್ಲ ಎಂದು ಬರೆದು ಗೋಡೆಗೆ ಅಂಟಿಸುವುದು.

ಎರಡನೇ ಹಂತಕ್ಕೆ ಒಳ್ಳೆಯ ಆಧಾರ ಗಾರ್ಮೆಂಟ್ಸ್‌ನಿಂದಲೇ ಬಂದಿದೆ. ಅಮೆರಿಕದ ವರ್ಜೀನಿಯಾದ ಹಾರ್ವುಡ್ ಪೈಜಾಮ ಫ್ಯಾಕ್ಟರಿಯಲ್ಲಿ ಕೋಚ್ ಮತ್ತು ಫ್ರೆಂಚ್ ನಡೆಸಿದ ಪ್ರಯೋಗ 1948ರಲ್ಲಿ ಪ್ರಕಟವಾಯಿತು. ಬದಲಾವಣೆಯನ್ನು ಸುಮ್ನೆ ತಿಳಿಸಿ, ವಿವರಿಸಿ ಬಿಟ್ಟ ಗುಂಪಿನಲ್ಲಿ ಮೊದಲ 40 ದಿನಗಳಲ್ಲೇ 17% ಜನ ಕೆಲಸ ಬಿಟ್ಟರು, ಉತ್ಪಾದನೆಯೂ ಚೇತರಿಸಿಕೊಳ್ಳಲಿಲ್ಲ. ಎಲ್ಲರೂ ಕೂತು ಹೊಸ ವಿಧಾನವನ್ನು ರೂಪಿಸಿದ ಗುಂಪುಗಳು ಬೇಗ ಚೇತರಿಸಿಕೊಂಡು ಹಳೆಯ ಮಟ್ಟವನ್ನೂ ದಾಟಿದವು. ಮೊದಲ ಗುಂಪಿನಲ್ಲಿ ಉಳಿದವರನ್ನು ಆಮೇಲೆ ಇದೇ ರೀತಿ ಸೇರಿಸಿಕೊಂಡಾಗ ಅವರೂ ಚೇತರಿಸಿಕೊಂಡರು. ತೊಂದರೆ ಆ ಜನರ ಸ್ವಭಾವದಲ್ಲಿ ಇರಲಿಲ್ಲ ಎನ್ನಲು ಇದಕ್ಕಿಂತ ಪುರಾವೆ ಬೇಕಾ?

ಮೂರನೇ ಹಂತವನ್ನು ಒಂದೇ ಸಾಲಿನಲ್ಲಿ ಮುಗಿಸಬೇಡಿ. ಬದಲಾವಣೆ ಜಾರುವುದು ಇಲ್ಲೇ. ಗುರುತೂ ಸಿಗುತ್ತದೆ: ದಿನವಿಡೀ ಬಿಡಿಬಿಡಿಯಾಗಿ ಬರಬೇಕಾದ ಸ್ಕ್ಯಾನ್‌ಗಳು ಗಂಟೆಯ ಕೊನೆಗೆ ಒಟ್ಟೊಟ್ಟಿಗೆ ಬೀಳುತ್ತಿದ್ದರೆ, ಹಳೆಯ ರಿಜಿಸ್ಟರ್ ಎಲ್ಲೋ ಮೆಷಿನ್ ಕೆಳಗೆ ಇನ್ನೂ ನಡೆಯುತ್ತಿರಬಹುದು. ಅಂಥಾಗ ಬೈದು ಪ್ರಯೋಜನವಿಲ್ಲ. ಇನ್ಸೆಂಟಿವ್ ಲೆಕ್ಕ ಯಾವುದರಿಂದ ಆಗುತ್ತಿದೆ ನೋಡಿ. ಅದು ರಿಜಿಸ್ಟರ್‌ನಿಂದಲೇ ಆಗುತ್ತಿದ್ದರೆ ಟ್ಯಾಬ್ ನಿಲ್ಲುವುದಿಲ್ಲ.

ನೌಕರರನ್ನು ಸೇರಿಸಿಕೊಳ್ಳುವುದರ ಮಿತಿಯನ್ನೂ ಬರೆಯಿರಿ. 1960ರಲ್ಲಿ ಪ್ರಕಟವಾದ ನಾರ್ವೆಯ ಫ್ಯಾಕ್ಟರಿ ಪ್ರಯೋಗದಲ್ಲಿ ನೌಕರರನ್ನು ಸೇರಿಸಿಕೊಂಡರೂ ಉತ್ಪಾದನೆಯಲ್ಲಿ ಹಾರ್ವುಡ್‌ನಂಥ ಫಲ ಸಿಗಲಿಲ್ಲ. ನಮ್ಮ ಉದಾಹರಣೆಗೂ ಈ ಎಚ್ಚರ ಬೇಕು. ಟ್ಯಾಬ್ ಎಷ್ಟು ಎತ್ತರದಲ್ಲಿ ಇರಬೇಕು ಅಂತ ಟೈಲರ್‌ಗಳನ್ನು ಕೇಳಿ, ಟಾರ್ಗೆಟ್ ಬಗ್ಗೆ ಕೇಳದಿದ್ದರೆ ಅದನ್ನು ಸೇರಿಸಿಕೊಂಡದ್ದು ಎನ್ನಲಾಗದು.