ಎಡಬದಿಯೇ ಗಮನಕ್ಕೆ ಬಾರದಾಗ: ಮನೆಯವರು ಗುರುತಿಸುವುದು ಹೇಗೆ, ನೆರವಾಗುವುದು ಹೇಗೆ?

ಮಿದುಳಿನ ಬಲಭಾಗದ ಪರೈಟಲ್ ಹಾಲೆಗೆ ಪಾರ್ಶ್ವವಾಯುವಿನಿಂದ ಪೆಟ್ಟು ಬಿದ್ದ ಕೆಲವರು ತಟ್ಟೆಯ ಬಲ ಅರ್ಧವನ್ನಷ್ಟೇ ಉಂಡು, ಊಟ ಮುಗಿಯಿತೆಂದು ಕೈ ತೊಳೆಯಲು ಹೊರಡುತ್ತಾರೆ. ತಟ್ಟೆಯನ್ನು ತಿರುಗಿಸಿಟ್ಟರೆ ಉಳಿದದ್ದನ್ನೂ ಉಣ್ಣುತ್ತಾರೆ. ಇದು ಹಟವೂ ಅಲ್ಲ, ಮರೆವೂ ಅಲ್ಲ. ಎಡಬದಿಯತ್ತ ಗಮನ ಹರಿಸುವ ಶಕ್ತಿಯೇ ಕುಂದಿರುತ್ತದೆ. ಹಾಗೆ ಕುಂದಿದೆ ಎಂಬುದು ಅನೇಕ ರೋಗಿಗಳಿಗೆ ಗೊತ್ತಾಗುವುದೂ ಇಲ್ಲ. ಆದ್ದರಿಂದ ಅವರನ್ನು ಗದರಿಸುವುದು ಅನ್ಯಾಯ.

ಈ ತೊಂದರೆ ಇದೆಯೇ ಎಂದು ಮನೆಯಲ್ಲೇ ನೋಡಲು, ಮೊದಲು ರೋಗಿಗೆ ಅವರು ಬಳಸುವ ಕನ್ನಡಕ ಹಾಕಿಸಿ ನೇರವಾಗಿ ಕೂರಿಸಿ. ಅಡ್ಡಲಾಗಿ ಇಟ್ಟ ಬಿಳಿ ಹಾಳೆಯ ನಡುಭಾಗ ಅವರ ಎದೆಯ ನೇರಕ್ಕೆ ಬರಲಿ. ಅದರಲ್ಲಿ 20 ಸೆಂ.ಮೀ. ಉದ್ದದ ಗೆರೆ ಎಳೆದು, ಸರಿಯಾಗಿ ಮಧ್ಯದಲ್ಲಿ ಗುರುತು ಹಾಕುವಂತೆ ಹೇಳಿ. ಬಳಿಕ ಇನ್ನೊಂದು ಹಾಳೆಯ ತುಂಬ ನಲವತ್ತರಷ್ಟು ಸಣ್ಣ ಗೆರೆಗಳನ್ನು ಚದುರಿಸಿ ಬರೆದು, ಎಲ್ಲವನ್ನೂ ಹೊಡೆದುಹಾಕಲು ತಿಳಿಸಿ. ಈ ಹೊತ್ತಿನಲ್ಲಿ ಹಾಳೆಯನ್ನು ಸರಿಸಬಾರದು, ಎಡಕ್ಕೆ ನೋಡಿ ಎಂದು ನೆನಪಿಸಲೂಬಾರದು.

ಒಬ್ಬ ರೋಗಿಯ ಗುರುತು ಎಡ ತುದಿಯಿಂದ 10 ಸೆಂ.ಮೀ. ದೂರದಲ್ಲಿ ಬೀಳುವ ಬದಲು ಮತ್ತೆ ಮತ್ತೆ 13ರ ಆಸುಪಾಸಿನಲ್ಲಿ ಬೀಳುತ್ತದೆ, ಎರಡನೆಯ ಹಾಳೆಯಲ್ಲಿ ಬಲಬದಿಯ ಹದಿನೇಳು ಗೆರೆಗಳನ್ನು ಮಾತ್ರ ಹೊಡೆದು ಪೆನ್ಸಿಲ್ ಕೆಳಗಿಡುತ್ತಾರೆ ಎಂದುಕೊಳ್ಳೋಣ. ‘ಎಲ್ಲ ಆಯಿತೇ?’ ಎಂದರೆ ‘ಆಯಿತಲ್ಲ’ ಎನ್ನುತ್ತಾರೆ. ಆ ನಿಶ್ಚಿಂತೆಯೇ ಇಲ್ಲಿ ಮುಖ್ಯ ಸುಳಿವು. ಗಮನ ಸರಿಯಿದ್ದು, ಎರಡೂ ಕಣ್ಣುಗಳ ಎಡ ದೃಷ್ಟಿಕ್ಷೇತ್ರವನ್ನು, ಅಂದರೆ ನೋಟದ ಎಡಭಾಗವನ್ನು ಮಾತ್ರ ಕಳೆದುಕೊಂಡವರು ಸಾಮಾನ್ಯವಾಗಿ ಕೊರತೆಯನ್ನು ಅರಿತು, ಕತ್ತು ತಿರುಗಿಸಿ ಹುಡುಕುತ್ತಾರೆ. ಅವರ ಗುರುತು ಹೆಚ್ಚಾಗಿ ಎಡಕ್ಕೇ ಜಾರುತ್ತದೆ. ಎರಡು ತೊಂದರೆಗಳೂ ಒಟ್ಟಿಗೇ ಇರಬಹುದಾದ್ದರಿಂದ ಹಾಳೆಗಳನ್ನು ನರರೋಗ ತಜ್ಞರಿಗೆ ತೋರಿಸಿ, ದೃಷ್ಟಿಕ್ಷೇತ್ರದ ಪರೀಕ್ಷೆಯನ್ನೂ ಮಾಡಿಸಬೇಕು. ಇಂಥ ಲಕ್ಷಣ ಹಠಾತ್ತನೆ ಕಾಣಿಸಿಕೊಂಡರೆ ಮನೆಯಲ್ಲಿ ಪರೀಕ್ಷಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಓದುವ ಅಭ್ಯಾಸಕ್ಕೆ ಪುಟದ ಎಡ ಅಂಚಿನುದ್ದಕ್ಕೂ ದಪ್ಪ ಕೆಂಪು ಗೆರೆ ಎಳೆಯಿರಿ. ರೋಗಿ ಮೊದಲು ಆ ಗೆರೆಯನ್ನು ಹುಡುಕಿ, ಅದರ ಮೇಲೆ ಬೆರಳಿಟ್ಟು, ಅಲ್ಲಿಂದ ಓದಲಿ. ಪ್ರತಿ ಸಾಲು ಮುಗಿದಾಗಲೂ ಕೆಂಪು ಕಾಣುವವರೆಗೆ ಎಡಕ್ಕೆ ಮರಳಲಿ. ಸಾಲಿನ ಮೊದಲ ಪದಗಳು ತಪ್ಪದೆ ಬರತೊಡಗಿದ ಮೇಲೆ ಗೆರೆಯನ್ನು ದಿನೇ ದಿನೇ ತೆಳುವಾಗಿಸುತ್ತ ಹೋಗಿ.

ಆದರೆ ಪುಟದಲ್ಲಿ ಕಲಿತದ್ದು ತಟ್ಟೆಗೋ ಬಾಗಿಲಿಗೋ ತಾನಾಗಿ ಒಗ್ಗುವುದಿಲ್ಲ. ತಟ್ಟೆಯ ಎಡ ಅಂಚಿಗೆ, ಬಾಗಿಲಿನ ಎಡ ಚೌಕಟ್ಟಿಗೆ ಬೇರೆ ಬೇರೆಯಾಗಿ ಕೆಂಪು ಪಟ್ಟಿ ಅಂಟಿಸಿ ಅಭ್ಯಾಸ ಮಾಡಿಸಬೇಕಾಗುತ್ತದೆ. ಕಾಗದದ ಪರೀಕ್ಷೆಯಲ್ಲಿ ತಪ್ಪು ಕಾಣದವರೂ ಗಡಿಬಿಡಿಯ ರಸ್ತೆಯಲ್ಲಿ ಎಡದಿಂದ ಬರುವ ವಾಹನವನ್ನು ಗಮನಿಸದೇ ಹೋಗಬಹುದು. ಹಾಗಾಗಿ ವೈದ್ಯರು ಒಪ್ಪುವವರೆಗೆ ವಾಹನ ಚಾಲನೆ ಬೇಡ. ಅಭ್ಯಾಸದ ವೇಳೆ ಎಡಬದಿಯಲ್ಲಿ ಕುಳಿತು ಮಾತನಾಡಿಸಿದರೂ, ಕರೆಗಂಟೆ ಮತ್ತು ನೀರಿನ ಲೋಟ ಮಾತ್ರ ಯಾವಾಗಲೂ ಬಲಗೈಗೆ ಎಟುಕುವಂತಿರಲಿ.