ಟ್ಯೂಬ್ಯುಲರ್ ಜಾಗಕ್ಕೆ ಲಿಥಿಯಂ ಹಾಕಿದ ಮೇಲೆ ನೋಡಬೇಕಾದ ವೋಲ್ಟೇಜ್

ನಮ್ಮ ಮನೆ ಉಡುಪಿಯ ಸಂತೆಕಟ್ಟೆ ಹತ್ತಿರ. ಮಳೆಗಾಲದಲ್ಲಿ ಒಂದು ತೆಂಗಿನ ಮಡಲು ಲೈನಿನ ಮೇಲೆ ಬಿದ್ದರೆ ಸಾಕು, ಕರೆಂಟ್ ಗಂಟೆಗಟ್ಟಲೆ ಇರುವುದಿಲ್ಲ. 150 ಆಂಪಿಯರ್-ಅವರ್‌ನ ಹಳೆಯ ಸೀಸದ ಟ್ಯೂಬ್ಯುಲರ್ ಬ್ಯಾಟರಿ ಕೈಕೊಟ್ಟಾಗ, 12.8 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಂದೆ. ಇನ್ವರ್ಟರ್ ಹಳೆಯದೇ.

"ವಯರ್ ಬದಲಾಯಿಸಿದ್ರೆ ಸಾಕು ಮಾರಾಯ್ರೇ, ಬೇರೆಂಥದ್ದೂ ಬೇಡ" ಎಂದರು ಅಂಗಡಿಯವರು. ಹಾಗೇ ಮಾಡಿದೆ. ಎರಡನೇ ರಾತ್ರಿ ಇನ್ವರ್ಟರ್ ಬೀಪ್ ಎನ್ನಲು ಶುರುಮಾಡಿತು. ಬ್ಯಾಟರಿ ದೀಪ ಮಿನುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಸರಿಯಾಯಿತು, ಮತ್ತೆ ಬೀಪ್.

ಬ್ಯಾಟರಿ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದು ಕೂತೆ. ವೋಲ್ಟೇಜ್ ನಿಧಾನಕ್ಕೆ 14.3ರವರೆಗೆ ಏರಿತು. ಆಮೇಲೆ ಒಮ್ಮೆಲೇ 15 ದಾಟಿತು! ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದರೆ ಬ್ಯಾಟರಿಗೆ ಹೋಗುವ ಕರೆಂಟ್ ಸೊನ್ನೆ. ಅಲ್ಲಿಗೆ ವಿಷಯ ಗೊತ್ತಾಯಿತು. ಬ್ಯಾಟರಿಯೊಳಗೆ ಸೆಲ್‌ಗಳನ್ನು ಕಾಯುವ ಬಿಎಂಎಸ್ ಎಂಬ ಸರ್ಕ್ಯೂಟ್ ಚಾರ್ಜಿಂಗ್ ಕತ್ತರಿಸಿತ್ತು. ಮೀಟರ್ ತೋರಿಸಿದ 15 ಬ್ಯಾಟರಿಯದ್ದಲ್ಲ, ಹಿಡಿತವಿಲ್ಲದೆ ಏರಿದ ಚಾರ್ಜರ್‌ನದ್ದು.

ಒಳಗೆ ನಾಲ್ಕು ಸೆಲ್ ಸಾಲಾಗಿರುತ್ತವೆ. ಬಿಎಂಎಸ್ ನೋಡುವುದು ಒಟ್ಟು ವೋಲ್ಟೇಜ್ ಒಂದನ್ನೇ ಅಲ್ಲ, ಪ್ರತಿ ಸೆಲ್ಲನ್ನೂ ನೋಡುತ್ತದೆ. ಹೊಸ ಬ್ಯಾಟರಿಯಲ್ಲಿ ಸೆಲ್‌ಗಳು ಪೂರ್ತಿ ಸಮ ಇರಲಿಕ್ಕಿಲ್ಲ. ಒಂದು ಸೆಲ್ ಮೊದಲು 3.65 ವೋಲ್ಟ್ ತಲುಪಿದರೂ ಕಟ್ ಆಗುತ್ತದೆ. ಟ್ಯೂಬ್ಯುಲರ್ ಸೆಟ್ಟಿಂಗ್ ಅಂತೂ ಸೀಸದ ಬ್ಯಾಟರಿಗೆ ಬೇಕಾದಷ್ಟು ಜಾಸ್ತಿ ವೋಲ್ಟೇಜ್ ಕೊಡುತ್ತದೆ, ಅಲ್ವಾ?

ಇನ್ವರ್ಟರ್ ಹಿಂದೆ ಬ್ಯಾಟರಿ ಟೈಪ್ ಸ್ವಿಚ್ ಇತ್ತು. ಅದನ್ನು ಟ್ಯೂಬ್ಯುಲರ್‌ನಿಂದ ಎಸ್‌ಎಂಎಫ್‌ಗೆ, ಅಂದರೆ ನೀರು ಹಾಕದ ಸೀಲ್ಡ್ ಬ್ಯಾಟರಿಯ ಸ್ಥಾನಕ್ಕೆ ತಂದೆ. ಮತ್ತೆ ಅಳೆದಾಗ ಗರಿಷ್ಠ 14.2 ವೋಲ್ಟ್‌ಗೆ ನಿಂತಿತು, ಆಮೇಲೆ ಫ್ಲೋಟ್‌ನಲ್ಲಿ, ಅಂದರೆ ತುಂಬಿದ ಬ್ಯಾಟರಿಯನ್ನು ಹಾಗೇ ಹಿಡಿದಿಡುವ ಹಂತದಲ್ಲಿ, 13.6ಕ್ಕೆ ಇಳಿಯಿತು. ಗರಿಷ್ಠ 14.2ನ್ನು ನಾಲ್ಕು ಸೆಲ್‌ಗೆ ಲೆಕ್ಕ ಹಾಕಿದರೆ ತಲಾ 3.55 ವೋಲ್ಟ್. ಬ್ಯಾಟರಿ ಹೆಚ್ಚುಕಡಿಮೆ ಪೂರ್ತಿ ತುಂಬಲು ಅಷ್ಟು ಸಾಕು. ಆ ಬೀಪ್ ಮತ್ತೆ ಬರಲಿಲ್ಲ. ನಿಮ್ಮ ಇನ್ವರ್ಟರ್ ಯಾವ ಸೆಟ್ಟಿಂಗ್‌ನಲ್ಲೂ 14.4ರ ಒಳಗೆ ನಿಲ್ಲದಿದ್ದರೆ, ಅಥವಾ ಸೀಸದ ಬ್ಯಾಟರಿಗೆಂದು ಆಗಾಗ ಜಾಸ್ತಿ ವೋಲ್ಟೇಜಿನ ಈಕ್ವಲೈಸ್ ಚಾರ್ಜ್ ಮಾಡುವುದಾದರೆ, ಅದಕ್ಕೆ ಲಿಥಿಯಂ ಹಾಕಬೇಡಿ ಎನ್ನುತ್ತೇನೆ. ಇನ್ವರ್ಟರನ್ನೂ ಬದಲಾಯಿಸಬೇಕು.

ಖಾಲಿಯಾಗುವ ಕಡೆಯನ್ನೂ ಒಮ್ಮೆ ಪರೀಕ್ಷಿಸಿದೆ. ಒಂದು ಭಾನುವಾರ ಮೇನ್ ಆಫ್ ಮಾಡಿ ಫ್ಯಾನು, ಲೈಟು ಓಡಿಸಿದೆ. ಗಂಟೆಗಟ್ಟಲೆ ವೋಲ್ಟೇಜ್ 13ರ ಆಸುಪಾಸಿನಲ್ಲೇ ಇತ್ತು. ಹಾಗಾಗಿ ವೋಲ್ಟೇಜ್ ನೋಡಿ ಇನ್ವರ್ಟರ್ ತೋರಿಸುವ ಶೇಕಡಾ ಲೆಕ್ಕವನ್ನು ಈಗ ನಂಬುವುದಿಲ್ಲ. ಕೊನೆಗೆ ವೋಲ್ಟೇಜ್ ಬೇಗಬೇಗ ಇಳಿದು, 10.7ಕ್ಕೆ ಇನ್ವರ್ಟರ್ ತಾನೇ ನಿಂತಿತು. ನನ್ನ ಬಿಎಂಎಸ್ ಕಟ್ ಆಗುವುದು 10 ವೋಲ್ಟ್‌ಗೆ. ಇನ್ವರ್ಟರ್ ಮೊದಲು ನಿಲ್ಲುವುದೇ ಬೇಕಾದದ್ದು. ಬಿಎಂಎಸ್ ಮೊದಲು ಕತ್ತರಿಸಿದರೆ ಟರ್ಮಿನಲ್‌ನಲ್ಲಿ ವೋಲ್ಟೇಜೇ ಇರುವುದಿಲ್ಲ. ಆಗ ಕರೆಂಟ್ ಬಂದರೂ ಕೆಲವು ಇನ್ವರ್ಟರ್‌ಗಳು ಬ್ಯಾಟರಿ ಇಲ್ಲವೆಂದುಕೊಂಡು ಚಾರ್ಜ್ ಶುರುಮಾಡುವುದಿಲ್ಲ.