ರಟ್ಟಿನ ಕಾರ್ಡು ಮಾಡಿ ನೋಡಿದೆ

ಕಾರವಾರದಲ್ಲಿ ಕೂತು ದೊಡ್ಡ ಗ್ರಾಫಿಕ್ಸ್ ಕಾರ್ಡ್ ತರಿಸುವುದೆಂದರೆ ಕೊರಿಯರ್ ಲೆಕ್ಕ. ಕಂಪ್ಯೂಟರಿನ ಕೇಸಿನಲ್ಲಿ ಹಿಡಿಸದಿದ್ದರೆ ವಾಪಸು ಕಳಿಸಬೇಕು, ದುಡ್ಡು ಬರುವ ತನಕ ಕಾಯಬೇಕು. ಹಾಗಾಗಿ ಮೊದಲು ರಟ್ಟಿನ ಡಬ್ಬಿ ಕತ್ತರಿಸಿದೆ.

ನನ್ನದು ಚಿಕ್ಕ ಮೈಕ್ರೋ ಎಟಿಎಕ್ಸ್ ಕೇಸು. 322 ಮಿ.ಮೀ. ಉದ್ದದ ಕಾರ್ಡ್ ಹಿಡಿಸುತ್ತದೆ ಎಂದು ಬರೆದಿತ್ತು. ನಾನು ಕಣ್ಣಿಟ್ಟ ಕಾರ್ಡ್ 304 ಉದ್ದ, 137 ಎತ್ತರ, 61 ದಪ್ಪ. ಸಲೀಸಾಗಿ ಹಿಡಿಸಬೇಕಲ್ವಾ? ಅದೇ ಅಳತೆಯ ಪೆಟ್ಟಿಗೆ ಅಂಟಿಸಿ ಒಳಗಿಟ್ಟೆ. ಮುಂದಿನ ಫ್ಯಾನಿಗೆ ಹೋಗಿ ತಾಗಿತು. ಆ 322 ಎನ್ನುವುದು ಬರಿಯ ತಗಡಿನವರೆಗಿನ ಅಳತೆ. 25 ಮಿ.ಮೀ. ದಪ್ಪದ ಫ್ಯಾನ್ ಕಳೆದರೆ ಉಳಿಯುವುದು 297. ಮುಂದೆ ರೇಡಿಯೇಟರ್ ಇದ್ದವರಿಗೆ ಇನ್ನೂ ಸುಮಾರು ಅಷ್ಟೇ ಜಾಗ ಹೋಗುತ್ತದೆ.

ಎತ್ತರದ್ದು ಇನ್ನೊಂದು ಕಥೆ. ಕಾರ್ಡ್ ಕೂರುವ ಸ್ಲಾಟಿನ ಬಾಯಿಂದ ಕೇಸಿನ ಪಕ್ಕದ ಗಾಜಿಗೆ 165 ಇತ್ತು. 137 ಕಳೆದರೆ 28. ಆದರೆ ಹೊಸ ಕಾರ್ಡುಗಳ 16 ಪಿನ್ ಕರೆಂಟ್ ಕೇಬಲ್ ಕನೆಕ್ಟರಿನಿಂದ 35 ಮಿ.ಮೀ. ನೇರ ಹೋದ ಮೇಲೇ ಬಾಗಬೇಕು. ಬುಡದಲ್ಲೇ ಮಡಚಿದರೆ ಪಿನ್ ಸಡಿಲಾಗಿ ಬಿಸಿಯಾಗುವ ಭಯ. ಗಾಜು ಒತ್ತಿ ಮುಚ್ಚುವ ಹುಂಬತನ ಬೇಡ ಅನ್ನಿಸಿತು.

ಇನ್ನು ಗಾಳಿ. ಇದಕ್ಕೆ ಹಳೆಯ ಕಾರ್ಡೇ ಸಾಕಾಯಿತು. ಒಂದು ಆಟವನ್ನು ಇಪ್ಪತ್ತು ನಿಮಿಷ ಓಡಿಸಿದೆ: ಕೇಸು ಮುಚ್ಚಿದಾಗ 82 ಡಿಗ್ರಿ, ಪಕ್ಕದ ಗಾಜು ತೆಗೆದಾಗ 71. ಕಾರ್ಡಿಗೆ ಗಾಳಿ ಸಾಲುತ್ತಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಎಲ್ಲಿ ಕಟ್ಟಿದೆ ಎಂದು ನೋಡಲು ಗಾಜು ಹಾಕಿ, ಮುಂದಿನ ಮುಚ್ಚಳ ಮಾತ್ರ ತೆಗೆದೆ. 73ಕ್ಕೆ ಇಳಿಯಿತು. ತಪ್ಪಿತಸ್ಥ ಆ ಮುಚ್ಚಳ! ಅದರ ಹಿಂದಿನ ಧೂಳಿನ ಜಾಳಿಗೆಯಲ್ಲಿ ಕಡಲ ತೇವಕ್ಕೆ ಧೂಳು ಅಂಟಿ ಕಂಬಳಿಯಾಗಿತ್ತು. ತೊಳೆದು ಒಣಗಿಸಿದೆ, ಮೂರು ಡಿಗ್ರಿ ಮಾತ್ರ ಕಡಿಮೆಯಾಯಿತು. ಮುಚ್ಚಳದ ಸಂದಿಯೇ ಕಿರಿದು. ಕೊನೆಗೆ ಗಟ್ಟಿ ಮುಚ್ಚಳ ಬಿಟ್ಟು, ತೂತಿನ ಜಾಲರಿ ಕೂರಿಸಿದೆ.

ಕಾರ್ಡಿನ ಕೆಳಗೂ ಜಾಗ ಬೇಕು, ಅದರ ಫ್ಯಾನುಗಳು ಅಲ್ಲಿಂದಲೇ ಉಸಿರಾಡುವುದು. ರಟ್ಟಿನ ಪೆಟ್ಟಿಗೆಯಿಟ್ಟಾಗ ಪವರ್ ಸಪ್ಲೈ ಮುಚ್ಚಿದ ತಗಡಿಗೂ ಅದಕ್ಕೂ ನಡುವೆ 17 ಮಿ.ಮೀ. ಉಳಿದಿತ್ತು, ನನ್ನ ಕಿರುಬೆರಳಷ್ಟು. ಅಮ್ಮ ನೋಡಿ, "ಏನೋ, ಹೊಸ ಪೆಟ್ಟಿಗೆ ತಂದ್ಯಾ?" ಎಂದರು.

ದೊಡ್ಡ ಕಾರ್ಡಿನ ಆಸೆ ಬಿಟ್ಟೆ. 267 ಉದ್ದ, 120 ಎತ್ತರ, 50 ದಪ್ಪದ್ದು ತರಿಸಿದೆ. ಕೇಬಲಿಗೆ 45, ಕೆಳಗೆ 28 ಮಿ.ಮೀ. ಸಿಕ್ಕಿತು. ಅದೇ ಪರೀಕ್ಷೆಯಲ್ಲಿ ಈಗ ಗಾಜು ಹಾಕಿದರೂ ತೆಗೆದರೂ ಮೂರು ಡಿಗ್ರಿಯದೇ ಅಂತರ.

ಆ ರಟ್ಟಿನ ಕಾರ್ಡನ್ನು ಶಿರಸಿಯ ಗೆಳೆಯ ಒಯ್ದಿದ್ದಾನೆ. ಅವನ ಕೇಸು ನನ್ನದಕ್ಕಿಂತ ಚಿಕ್ಕದು. ಹಿಡಿಸುವ ತನಕ ಅದನ್ನು ಕತ್ತರಿಸುತ್ತಾ ಕೂತಿದ್ದಾನೆ.